ಗುಣಕ ಪರಿಣಾಮ: ವಿ.ಸಿ. ನಾಲೆಯ ನೂರು ರೂಪಾಯಿ

ಮಂಡ್ಯ, ಮದ್ದೂರು, ಮಳವಳ್ಳಿಗೆ ಕೆ.ಆರ್.ಎಸ್. ನೀರು ತರುವುದು ವಿಶ್ವೇಶ್ವರಯ್ಯ ನಾಲೆ. ಅದರ ದುರಸ್ತಿಗೆ ಸರ್ಕಾರ 100 ರೂ. ಕೂಲಿ ಕೊಟ್ಟಿತೆನ್ನಿ. ಜನ ಕೈಗೆ ಬಂದ ಪ್ರತಿ ರೂಪಾಯಿಯಲ್ಲಿ 80 ಪೈಸೆ ಖರ್ಚು ಮಾಡುತ್ತಾರೆ ಎಂದುಕೊಳ್ಳೋಣ. ಇದೇ ಸೀಮಾಂತ ಅನುಭೋಗ ಪ್ರವೃತ್ತಿ, 0.8.

ಕೂಲಿಯಾಳು ಮದ್ದೂರಿನ ದಿನಸಿ ಅಂಗಡಿಗೆ 80 ರೂ. ಕೊಡುತ್ತಾನೆ. ಅಂಗಡಿಯವನು ಮಳವಳ್ಳಿಯ ರೈತನಿಂದ 64 ರೂ.ಗಳ ಭತ್ತ ಕೊಳ್ಳುತ್ತಾನೆ. ರೈತ 51.20 ರೂ. ಖರ್ಚು ಮಾಡುತ್ತಾನೆ. ಸರಪಳಿ ಹೀಗೇ ಸಣ್ಣದಾಗುತ್ತ ಹೋಗುತ್ತದೆ.

ಗುಣಕ = 1 ÷ (1 − 0.8) = 5
ಒಟ್ಟು ಆದಾಯ = 100 × 5 = 500 ರೂ.

ಮೊದಲ 100 ಸೇರಿಯೇ 500. ಹಲವರು ಎಡವುವುದು ಇಲ್ಲೇ.

ಇನ್ನೊಂದು ಬಲೆ: ಗೃಹಲಕ್ಷ್ಮಿಯಂಥ ನೇರ ವರ್ಗಾವಣೆ. ಅಲ್ಲಿ ಮೊದಲ 100 ರೂ. ಯಾವ ಉತ್ಪಾದನೆಗೂ ಪ್ರತಿಫಲವಲ್ಲ. ಲೆಕ್ಕ 80ರಿಂದ ಶುರುವಾಗಿ 400ಕ್ಕೆ ನಿಲ್ಲುತ್ತದೆ, ಗುಣಕ 4.

ನಿಜದಲ್ಲಿ 5 ಸಿಗುವುದು ಅಪರೂಪ. ತೆರಿಗೆ, ಹೊರಗಿನಿಂದ ತರಿಸುವ ಸರಕು ಪ್ರತಿ ಸುತ್ತಿನಲ್ಲೂ ಹಣ ಸೋರಿಸುತ್ತವೆ. ಪ್ರತಿ ಸುತ್ತಿನಲ್ಲಿ ಅರ್ಧವಷ್ಟೇ ಉಳಿದರೆ 100, 50, 25 ಎಂದು ಸಾಗಿ ಒಟ್ಟು 200, ಗುಣಕ 2.

ಗುಣಕದ ಕಲ್ಪನೆ ಆರ್.ಎಫ್. ಕಾನ್ ಅವರದು, 1931. ಕೇನ್ಸ್ 1936ರಲ್ಲಿ ಅದನ್ನು ಪ್ರಸಿದ್ಧಗೊಳಿಸಿದರು.