ಸ್ಲೈಡಿನಲ್ಲಿ ಮೈನಸ್ ಚಿಹ್ನೆ ಕಾಣೆಯಾಗಿದೆಯೇ? ಹೀಗೆ ಪರೀಕ್ಷಿಸಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಪದವಿ ವಿದ್ಯಾರ್ಥಿಗಳಿಗೆ ಈಗ ಪಾಠದ ಸ್ಲೈಡುಗಳು ಬರುವುದು ಬಹುಪಾಲು ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಪಿಡಿಎಫ್ ರೂಪದಲ್ಲಿ. ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಓದುತ್ತಾರೆ, ಪರೀಕ್ಷೆ ಹತ್ತಿರವಾದಾಗ ಜೆರಾಕ್ಸ್ ಮಾಡಿಸುತ್ತಾರೆ. ಈ ದಾರಿಯಲ್ಲಿ ಮೊದಲು ಕಳೆದುಹೋಗುವುದು ಮೈನಸ್ ಚಿಹ್ನೆ. ಅಕ್ಷರ ತಪ್ಪಿದ್ದರೆ ಓದುವಾಗಲೇ ಗೊತ್ತಾಗುತ್ತದೆ. ಚಿಹ್ನೆ ತಪ್ಪಿದ್ದರೆ ಸೂತ್ರ ನೋಡಲು ಸರಿಯಾಗಿಯೇ ಇರುತ್ತದೆ.

ಬಿಸಿ ವಸ್ತು ತಣಿಯುವ ನ್ಯೂಟನ್ ನಿಯಮವನ್ನೇ ತೆಗೆದುಕೊಳ್ಳೋಣ. ಸ್ಲೈಡಿನಲ್ಲಿ ಹೀಗಿದೆ ಎಂದುಕೊಳ್ಳಿ:

```
dT/dt = k(T − Ta)
```

ಇಲ್ಲಿ T ವಸ್ತುವಿನ ತಾಪಮಾನ, Ta ಸುತ್ತಲಿನ ಗಾಳಿಯದ್ದು, k ಧನ ಸಂಖ್ಯೆ. ಏನೋ ಸರಿಯಿಲ್ಲ ಅನ್ನಿಸಿದರೆ ಮೊದಲು ಪ್ರತಿಯನ್ನೇ ಅನುಮಾನಿಸಿ. ಪಿಡಿಎಫ್ ಹಿಗ್ಗಿಸಿ ನೋಡಿ, ಜೆರಾಕ್ಸ್ ಪ್ರತಿಯಾದರೆ ಮೂಲ ಕಡತದ ಜೊತೆ ಹೋಲಿಸಿ. ಫಾಂಟ್ ಹೊಂದದೆ ಚಿಹ್ನೆ ಮಾಯವಾಗುವುದುಂಟು, ಘಾತದಲ್ಲಿರುವ ಸಣ್ಣ ಗೆರೆ ಜೆರಾಕ್ಸಿನಲ್ಲಿ ಅಳಿಸಿಹೋಗುವುದೂ ಉಂಟು.

ಮೂಲದಲ್ಲೂ ಹಾಗೆಯೇ ಇದ್ದರೆ ಸಂಖ್ಯೆ ಹಾಕಿ ನೋಡಿ. ಲೋಟದಲ್ಲಿ 90 ಡಿಗ್ರಿಯ ಕಷಾಯವಿದೆ, ಅಡುಗೆಮನೆಯ ಗಾಳಿ 25 ಡಿಗ್ರಿ, k ನಿಮಿಷಕ್ಕೆ 0.05. ಬಲಬದಿ 0.05 × 65, ಅಂದರೆ +3.25. ಕಷಾಯ ನಿಮಿಷಕ್ಕೆ ಮೂರು ಡಿಗ್ರಿಗಿಂತ ಹೆಚ್ಚಾಗಿ ಬಿಸಿಯೇರುತ್ತಿದೆ ಎಂದು ಸೂತ್ರ ಹೇಳುತ್ತಿದೆ! ಫ್ರಿಜ್ಜಿನಿಂದ ತೆಗೆದ 5 ಡಿಗ್ರಿಯ ನೀರಿಗೆ ಹಾಕಿದರೆ ಅದು ಇನ್ನೂ ತಣ್ಣಗಾಗಬೇಕಾಗುತ್ತದೆ. k ಮುಂದೆ ಮೈನಸ್ ಇರಲೇಬೇಕು.

ಸಂಖ್ಯೆ ಆರಿಸುವುದರಲ್ಲೂ ಎಚ್ಚರ ಬೇಕು. ಈ ಸಮೀಕರಣದ ಉತ್ತರ ರೂಪ ಹೀಗಿರುತ್ತದೆ:

```
T = Ta + (T0 − Ta) e^(−kt)
```

ಹಲವರು t = 0 ಹಾಕಿ 90 ಬಂತೆಂದು ಸಮಾಧಾನಪಡುತ್ತಾರೆ. ಘಾತದ ಮೈನಸ್ ಬಿಟ್ಟುಹೋಗಿದ್ದರೂ ಬರುವುದು 90 ಡಿಗ್ರಿಯೇ. ಹತ್ತು ನಿಮಿಷ ಹಾಕಿ: ಸರಿಯಾದ ಸೂತ್ರ ಸುಮಾರು 64 ಡಿಗ್ರಿ ಕೊಡುತ್ತದೆ, ತಪ್ಪಾದದ್ದು 132. ಏಕಮಾನಗಳ ಪರೀಕ್ಷೆಯೂ ಇಲ್ಲಿ ನೆರವಾಗದು, ಪ್ಲಸ್ ಇದ್ದರೂ ಮೈನಸ್ ಇದ್ದರೂ ಏಕಮಾನ ಒಂದೇ.

ನಂತರ ಮುಂದಿನ ಸಾಲುಗಳನ್ನು ನೋಡಿ. ಅಲ್ಲಿ e^(−kt) ಎಂದೇ ಇದ್ದರೆ ಮೇಲಿನದು ಬರೀ ಟೈಪಿಂಗ್ ತಪ್ಪು. ಆ ಒಂದು ಸಾಲು ತಿದ್ದಿದರೆ ಸಾಕು. ಘಾತದಲ್ಲೂ ಮೈನಸ್ ಇಲ್ಲದೆ, ಕೊನೆಯ ಲೆಕ್ಕವೂ ಅದರ ಮೇಲೆಯೇ ನಿಂತಿದ್ದರೆ ಉತ್ತರವನ್ನೂ ಹೊಸದಾಗಿ ಮಾಡಬೇಕು. ಅಧ್ಯಾಪಕರಿಗೆ ತಿಳಿಸುವಾಗ ಈ ವ್ಯತ್ಯಾಸವನ್ನು ಹೇಳುವುದು ಮುಖ್ಯ.

ತಪ್ಪೆಂದು ಕಂಡದ್ದೆಲ್ಲ ತಪ್ಪಲ್ಲ. k(Ta − T) ಎಂದಿದ್ದರೆ ಮೈನಸ್ ಆವರಣದೊಳಗೇ ಸೇರಿಕೊಂಡಿದೆ. ಇದಕ್ಕಿಂತ ಗೊಂದಲ ಹುಟ್ಟಿಸುವುದು ಉಷ್ಣಗತಿಶಾಸ್ತ್ರದ ಮೊದಲ ನಿಯಮ. ಪಿಯುಸಿಯಲ್ಲಿ ಓದುವ ಎನ್‌ಸಿಇಆರ್‌ಟಿ ಭೌತಶಾಸ್ತ್ರ ΔQ = ΔU + ΔW ಎಂದರೆ, ಅದೇ ವರ್ಷದ ರಸಾಯನಶಾಸ್ತ್ರ ΔU = q + w ಎನ್ನುತ್ತದೆ. ಮೊದಲನೆಯದರಲ್ಲಿ W ಅಂದರೆ ಅನಿಲ ತಾನೇ ಮಾಡಿದ ಕೆಲಸ, ಎರಡನೆಯದರಲ್ಲಿ ಅನಿಲದ ಮೇಲೆ ಹೊರಗಿನವರು ಮಾಡಿದ ಕೆಲಸ. 100 ಜೂಲ್ ಶಾಖ ಪಡೆದ ಅನಿಲ ಹಿಗ್ಗಿ 40 ಜೂಲ್ ಕೆಲಸ ಮಾಡಿದರೆ ಭೌತಶಾಸ್ತ್ರದಲ್ಲಿ 100 − 40, ರಸಾಯನಶಾಸ್ತ್ರದಲ್ಲಿ 100 + (−40); ಎರಡರಲ್ಲೂ ಆಂತರಿಕ ಶಕ್ತಿ ಏರುವುದು 60 ಜೂಲ್. ಆದ್ದರಿಂದ ದೂರುವ ಮೊದಲು ಹಿಂದಿನ ಸ್ಲೈಡುಗಳಿಗೆ ಹೋಗಿ, ಆ ಅಕ್ಷರಕ್ಕೆ ಕೊಟ್ಟ ಅರ್ಥ ಓದಿ. ನನ್ನ ಪ್ರಕಾರ ವಿದ್ಯಾರ್ಥಿಗಳು ‘ತಪ್ಪು’ ಎಂದು ಗುರುತಿಸುವವುಗಳಲ್ಲಿ ಬಹಳಷ್ಟು ಇಲ್ಲೇ ಬಗೆಹರಿಯುತ್ತವೆ.

ಇಷ್ಟಾದ ಮೇಲೂ ಅನುಮಾನ ಉಳಿದರೆ ಪಠ್ಯಪುಸ್ತಕದ ಪುಟ ತೆರೆದಿಟ್ಟುಕೊಂಡು ಅಧ್ಯಾಪಕರಿಗೇ ನೇರವಾಗಿ ಬರೆಯಿರಿ. “ಸರ್, ಶಾಖದ ಪಾಠದ 14ನೇ ಸ್ಲೈಡಿನ ಎರಡನೇ ಸಾಲಿನಲ್ಲಿ k ಮುಂದೆ ಮೈನಸ್ ಇಲ್ಲ. T = 90, Ta = 25 ಹಾಕಿದರೆ ತಾಪಮಾನ ಏರುತ್ತದೆ. 15ನೇ ಸ್ಲೈಡಿನಲ್ಲಿ ಮೈನಸ್ ಇದೆ. 14ರಲ್ಲಿ ಬಿಟ್ಟುಹೋಗಿದೆಯೇ, ನೋಡುತ್ತೀರಾ?” ಇಷ್ಟು ಸಾಕು. ಉತ್ತರ ಬರುವ ತನಕ ನಿಮ್ಮ ಪ್ರತಿಯಲ್ಲಿ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಹಾಕಿಟ್ಟುಕೊಳ್ಳಿ. ನೀವೇ ತಿದ್ದಿದ ಸ್ಲೈಡನ್ನು ಗುಂಪಿಗೆ ಹಾಕಬೇಡಿ. ನಿಮ್ಮ ತಿದ್ದುಪಡಿಯೇ ತಪ್ಪಾಗಿದ್ದರೆ ಎರಡು ಪ್ರತಿಗಳು ಓಡಾಡತೊಡಗುತ್ತವೆ, ಯಾವುದು ಅಧ್ಯಾಪಕರದ್ದೆಂದು ಯಾರಿಗೂ ತಿಳಿಯುವುದಿಲ್ಲ.

ಉತ್ತರ ಬರುವ ಮೊದಲೇ ಪರೀಕ್ಷೆ ಬಂದರೆ ಪುಸ್ತಕದ ಜೊತೆ ತಾಳೆಯಾದ, ಸಂಖ್ಯೆ ಹಾಕಿ ನೋಡಿದ ರೂಪವನ್ನೇ ಬರೆಯಿರಿ. ಅದರ ಮೇಲೆ ಒಂದು ಸಾಲಿನಲ್ಲಿ ಅಕ್ಷರಗಳ ಅರ್ಥ ಕೊಡಿ: “k > 0, W ಎಂದರೆ ಅನಿಲ ಮಾಡಿದ ಕೆಲಸ.” ಸ್ಲೈಡಿನ ಚಿಹ್ನೆಗೆ ಹೊಂದದಿದ್ದರೂ ನಿಮ್ಮ ಚಿಹ್ನೆ ಎಲ್ಲಿಂದ ಬಂತೆಂಬುದು ಮೌಲ್ಯಮಾಪಕರಿಗೆ ಆ ಸಾಲಿನಿಂದ ತಿಳಿಯುತ್ತದೆ.