ಐಜಿಇ ನಾರ್ಮಲ್ ಆಗಲೇಬೇಕೆ?

ಪ್ರಶ್ನೆ: ನಮ್ಮ ಯಜಮಾನರಿಗೆ ಆಸ್ತಮಾ ಜೊತೆ ಎಬಿಪಿಎ ಇದೆ. ಎರಡು ತಿಂಗಳಿಂದ ಪ್ರೆಡ್ನಿಸೋಲೋನ್, ಇಟ್ರಾಕೊನಜೋಲ್ ಕೊಡುತ್ತಿದ್ದಾರೆ. ಐಜಿಇ 4,200ರಿಂದ 2,600ಕ್ಕೆ ಇಳಿದಿದೆ, ನಾರ್ಮಲ್ ಆಗಿಲ್ಲ. ಔಷಧಿ ಹಿಡಿಯುತ್ತಿಲ್ಲವೆ?
– ಓದುಗರು, ಮುಳ್ಳೂರು

ಉತ್ತರ: ಹಿಡಿಯುತ್ತಿದೆ, ತಾಯಿ. ಆಸ್ಪರ್ಜಿಲಸ್ ಎಂಬ ಬೂಷ್ಟಿನ ವಿರುದ್ಧ ದೇಹ ತೋರುವ ಅತಿಯಾದ ಅಲರ್ಜಿಯೇ ಈ ಕಾಯಿಲೆ. ಸ್ಟೀರಾಯ್ಡ್ ಅಲರ್ಜಿಯನ್ನು ತಗ್ಗಿಸುತ್ತದೆ, ಇಟ್ರಾಕೊನಜೋಲ್ ಬೂಷ್ಟನ್ನು ಕಡಿಮೆ ಮಾಡುತ್ತದೆ. ಎಂಟು ವಾರದಲ್ಲಿ ಒಟ್ಟು ಐಜಿಇ ಐದನೇ ಒಂದು ಭಾಗದಷ್ಟಾದರೂ ಇಳಿದು, ಕೆಮ್ಮು-ಉಬ್ಬಸ ತಗ್ಗಿದರೆ ಗುಣ ಕಂಡಂತೆ. ನಿಮ್ಮವರದು ಮೂರನೇ ಒಂದು ಭಾಗಕ್ಕಿಂತ ಹೆಚ್ಚೇ ಇಳಿದಿದೆ. ಬಹುತೇಕರಲ್ಲಿ ಅದು ನಾರ್ಮಲ್‌ಗೆ ಬರುವುದೇ ಇಲ್ಲ. ಅದಕ್ಕಾಗಿ ಸ್ಟೀರಾಯ್ಡ್ ಹೆಚ್ಚಿಸಬಾರದು. ಚಿಕಿತ್ಸೆಯಲ್ಲಿ ಸಿಕ್ಕ ಅತಿ ಕಡಿಮೆ ಅಂಕಿಯನ್ನು ಬರೆದಿಡಿ. ಮುಂದೆ ಅದರ ಒಂದೂವರೆಪಟ್ಟಾಗಿ, ಉಬ್ಬಸವೂ ಮರುಕಳಿಸಿದರೆ ಕಾಯಿಲೆ ಕೆರಳಿದೆ ಎಂದರ್ಥ.

ಇಟ್ರಾಕೊನಜೋಲ್ ಕ್ಯಾಪ್ಸೂಲನ್ನು ಊಟವಾದ ತಕ್ಷಣ ನುಂಗಲಿ. ಗ್ಯಾಸ್ ಮಾತ್ರೆ ಜೊತೆಗಿದ್ದರೆ ಅದು ರಕ್ತಕ್ಕೆ ಸರಿಯಾಗಿ ಸೇರದು. ಬುಡೆಸೊನೈಡ್ ಅಥವಾ ಫ್ಲುಟಿಕಾಸೋನ್ ಇನ್‌ಹೇಲರ್ ಇದ್ದರೆ, ಇಟ್ರಾಕೊನಜೋಲ್‌ನಿಂದ ಆ ಸ್ಟೀರಾಯ್ಡ್ ದೇಹದಲ್ಲೇ ಉಳಿದು ಮುಖ ಊದಬಹುದು, ಸಕ್ಕರೆ ಏರಬಹುದು. ಎರಡನ್ನೂ ವೈದ್ಯರಿಗೆ ತಿಳಿಸಿ. ಲಿವರ್ ಪರೀಕ್ಷೆಯನ್ನೂ ಮಾಡಿಸಿ. ಸ್ಟೀರಾಯ್ಡ್ ಅನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ.