ಸಿಗಡಿ ಆಗದವರು ಮೀನನ್ನೂ ಬಿಡಬೇಕೇ?

(ಈ ತಿಂಗಳ ಸಂಘದ ಸಭೆಗೆ ಆರೋಗ್ಯ ಪಾಠ. ಒಬ್ಬರು ಓದಿ, ಉಳಿದವರು ಕೇಳಿ, ಕೊನೆಯಲ್ಲಿರುವ ಪ್ರಶ್ನೆಗಳನ್ನು ಚರ್ಚಿಸಿರಿ.)



ನಮ್ಮ ಕರಾವಳಿಯಲ್ಲಿ ಪೇಟೆಗೆ ಹೋಗಿ ಸಿಗಡಿ ತಂದರೂ "ಮೀನು ತಂದೆ" ಅಂತಲೇ ಹೇಳುತ್ತೇವೆ. ಏಡಿ, ಮರುವಾಯಿ, ಬೊಂಡಾಸ್ ಎಲ್ಲವೂ ನಮ್ಮ ಬಾಯಲ್ಲಿ ಮೀನೇ. ಹಾಗಾಗಿ ಸಿಗಡಿ ತಿಂದು ಯಾರಿಗಾದರೂ ಮೈ ತುರಿಸಿ ದದ್ದು ಎದ್ದರೆ ಮನೆಯವರು ಹೇಳುವ ಮೊದಲ ಮಾತು, "ಇನ್ನು ನೀನು ಮೀನು ಮುಟ್ಟಬೇಡ." ಅಂದಿನಿಂದ ಅವಳ ಬಟ್ಟಲಿಗೆ ಬೂತಾಯಿಯೂ ಇಲ್ಲ, ಬಂಗುಡೆಯೂ ಇಲ್ಲ. ತಪಸ್ಸುಕಾಲದ ಶುಕ್ರವಾರ ಮನೆಯವರೆಲ್ಲ ಮೀನು ಸಾರು ಉಂಡರೆ ಅವಳಿಗೆ ಉಪ್ಪಿನಕಾಯಿ, ಗಂಜಿ. ಬಡ ಮನೆಯಲ್ಲಿ ಮೈಗೆ ಶಕ್ತಿ ಕೊಡುವ ಅಗ್ಗದ ಆಹಾರವೆಂದರೆ ಬೂತಾಯಿ. ಅದನ್ನು ಕಾರಣವಿಲ್ಲದೆ ಬಿಡುವುದು ಸಣ್ಣ ನಷ್ಟವಲ್ಲ, ಬಸುರಿ ಬಾಣಂತಿಯರಿಗಂತೂ ದೊಡ್ಡ ನಷ್ಟ.

ಹಾಗಾದರೆ ಬಿಡಲೇಬೇಕೇ? ಉತ್ತರ ಹೀಗಿದೆ: ಸಿಗಡಿ ಅಲರ್ಜಿ ಇದ್ದ ಮಾತ್ರಕ್ಕೆ ಮೀನು ಬಿಡಬೇಕಾಗಿಲ್ಲ. ಇವು ಎರಡು ಬೇರೆ ಬೇರೆ ಅಲರ್ಜಿಗಳು. ಆದರೆ ಮೀನಿನ ಜೊತೆ ಸಿಗಡಿ ಕಳ್ಳದಾರಿಯಲ್ಲಿ ಬಟ್ಟಲಿಗೆ ಬರುವುದುಂಟು. ಎಚ್ಚರ ಬೇಕಾದದ್ದು ಅಲ್ಲಿ.

ಎರಡೂ ಬೇರೆ ಹೇಗೆ?

ಅಲರ್ಜಿ ಎಂದರೆ ನಮ್ಮ ದೇಹದ ಕಾವಲುಗಾರ ಒಂದು ನಿರಪಾಯದ ವಸ್ತುವನ್ನು ಕಳ್ಳನೆಂದು ತಿಳಿದು ಅದರ ಮುಖ ನೆನಪಿಟ್ಟುಕೊಳ್ಳುವುದು. ಅದು ಮತ್ತೆ ಬಂದಾಗ ಇಡೀ ಮನೆ ಎಬ್ಬಿಸಿ ಗಲಾಟೆ ಮಾಡುತ್ತಾನೆ. ಆ ಗಲಾಟೆಯೇ ತುರಿಕೆ, ದದ್ದು, ತುಟಿ ಊತ, ವಾಂತಿ, ಉಬ್ಬಸ. ಕಾವಲುಗಾರ ನೆನಪಿಟ್ಟುಕೊಳ್ಳುವ ಮುಖ ಆಹಾರದಲ್ಲಿರುವ ಯಾವುದೋ ಒಂದು ಪ್ರೋಟೀನಿನದು.

ಸಿಗಡಿಯಲ್ಲಿ ಹೆಚ್ಚಿನವರಿಗೆ ತೊಂದರೆ ಕೊಡುವ ಪ್ರೋಟೀನಿನ ಹೆಸರು ಟ್ರೋಪೋಮಯೋಸಿನ್. ಇದು ಸಿಗಡಿಯ ಮಾಂಸಖಂಡದಲ್ಲಿ ಇರುತ್ತದೆ. ಮೀನಿನ ಅಲರ್ಜಿಯಲ್ಲಿ ಮುಖ್ಯವಾಗಿ ತೊಂದರೆ ಕೊಡುವುದು ಪಾರ್ವಾಲ್ಬುಮಿನ್ ಎಂಬ ಬೇರೆಯೇ ಪ್ರೋಟೀನು. ಮೀನಿನಲ್ಲಿಯೂ ಟ್ರೋಪೋಮಯೋಸಿನ್ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ, ನಮ್ಮ ಮೈಯಲ್ಲಿಯೂ ಇದೆ. ಮೀನಿಗೆ ನಮ್ಮ ಹಾಗೆ ಬೆನ್ನುಮೂಳೆ ಉಂಟು, ಅದರ ಟ್ರೋಪೋಮಯೋಸಿನ್ ನಮ್ಮದನ್ನೇ ಬಹಳ ಹೋಲುತ್ತದೆ. ಆದ್ದರಿಂದ ಕಾವಲುಗಾರ ಸಾಮಾನ್ಯವಾಗಿ ಅದನ್ನು ಮನೆಯವರೆಂದೇ ತಿಳಿದು ಸುಮ್ಮನಿರುತ್ತಾನೆ. ಸಿಗಡಿಗೆ ಬೆನ್ನುಮೂಳೆ ಇಲ್ಲ, ಅದರ ಸಂಬಂಧಿಕರು ಜಿರಳೆ ಮತ್ತು ಮನೆಧೂಳಿನ ಸಣ್ಣ ಹುಳುಗಳು.

ಇದರಿಂದ ಇನ್ನೊಂದು ಮಾತೂ ತಿಳಿಯುತ್ತದೆ. ಸಿಗಡಿ ಆಗದವರಿಗೆ ಏಡಿಯೂ ಆಗದಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಅವೆರಡೂ ಒಂದೇ ಕುಲದವು. ಮರುವಾಯಿ, ಪಚ್ಚಿಲೆ, ಬೊಂಡಾಸ್ ಸ್ವಲ್ಪ ದೂರದ ನೆಂಟರು. ಕೆಲವರಿಗೆ ಆಗುತ್ತದೆ, ಕೆಲವರಿಗೆ ಆಗುವುದಿಲ್ಲ. ವೈದ್ಯರನ್ನು ಕೇಳುವ ತನಕ ಅವನ್ನೂ ಬಿಟ್ಟಿರುವುದು ಒಳ್ಳೆಯದು. ಬೂತಾಯಿ, ಬಂಗುಡೆ, ಅಂಜಲ್, ಕಾಣೆ, ನಂಗ್ ಇವು ನಿಜವಾದ ಮೀನುಗಳು. ಇವು ಆ ಸಾಲಿಗೆ ಸೇರಿದವಲ್ಲ.

ಆದರೂ ಒಬ್ಬರಿಗೇ ಎರಡು ಅಲರ್ಜಿಗಳು ಪ್ರತ್ಯೇಕವಾಗಿ ಇರಬಹುದು. ಸಿಗಡಿಯೂ ಆಗದ, ಮೀನೂ ಆಗದ ಜನ ಇದ್ದಾರೆ. ಅದನ್ನು ಕಂಡುಹಿಡಿಯುವುದು ಹೇಗೆಂದು ಒಂದು ಉದಾಹರಣೆಯಿಂದ ನೋಡೋಣ.

ಒಂದು ಉದಾಹರಣೆ

ಒಬ್ಬ ಸದಸ್ಯೆ, ವಯಸ್ಸು 34, ಎಂದಿಟ್ಟುಕೊಳ್ಳಿ. ಚಿಕ್ಕಂದಿನಿಂದ ಸಿಗಡಿ ತಿಂದವಳು. ಒಂದು ಭಾನುವಾರ ಸಿಗಡಿ ಸುಕ್ಕ ತಿಂದು 20 ನಿಮಿಷದಲ್ಲಿ ಅಂಗೈ ತುರಿಸಿತು, ಮೈಯೆಲ್ಲ ದದ್ದು ಎದ್ದಿತು, ತುಟಿ ಊದಿತು. "ಇಷ್ಟು ವರ್ಷ ತಿಂದದ್ದು ಈಗ ಯಾಕೆ ಆಗೋದಿಲ್ಲ?" ಎಂದು ಅವಳಿಗೆ ಆಶ್ಚರ್ಯ. ಆದರೆ ಸಿಗಡಿ ಅಲರ್ಜಿ ದೊಡ್ಡವರಾದ ಮೇಲೂ ಶುರುವಾಗುತ್ತದೆ, ಶುರುವಾದದ್ದು ಹೆಚ್ಚಾಗಿ ಜೀವನವಿಡೀ ಉಳಿಯುತ್ತದೆ.

ಅವಳು ಸಿಗಡಿ ಬಿಟ್ಟಳು. ಮನೆಯಲ್ಲಿ ಬಂಗುಡೆ ಸಾರು ಉಣ್ಣುತ್ತಿದ್ದಳು, ಏನೂ ಆಗಲಿಲ್ಲ. ಎರಡು ತಿಂಗಳ ನಂತರ ಹೋಟೆಲಿನಲ್ಲಿ ಬಂಗುಡೆ ರವಾ ಫ್ರೈ ತಿಂದಳು. ಅರ್ಧ ಗಂಟೆಯಲ್ಲಿ ಮತ್ತೆ ದದ್ದು. "ನೋಡು, ನಿನಗೆ ಮೀನೂ ಆಗೋದಿಲ್ಲ" ಎಂದರು ಅತ್ತೆ. ಅವಳು ಎಲ್ಲ ಮೀನೂ ಬಿಟ್ಟಳು.

ಅವಳು ಅಲರ್ಜಿ ತಜ್ಞರ ಬಳಿ ಹೋದಾಗ ಅವರು ಮೊದಲು ಪರೀಕ್ಷೆ ಮಾಡಲಿಲ್ಲ, ಪ್ರಶ್ನೆ ಕೇಳಿದರು. ಏನು ತಿಂದಿರಿ? ಎಷ್ಟು ಹೊತ್ತಿನಲ್ಲಿ ಏನಾಯಿತು? ಅದೇ ಮೀನನ್ನು ಬೇರೆ ದಿನ ತಿಂದಾಗ ಏನಾಯಿತು? ಜೊತೆಯಲ್ಲಿ ತಿಂದವರಿಗೆ ಏನಾದರೂ ಆಯಿತೇ? ಎಲ್ಲಿ, ಯಾವ ಎಣ್ಣೆಯಲ್ಲಿ ಕರಿದದ್ದು?

ಈ ಕೊನೆಯ ಪ್ರಶ್ನೆಯಲ್ಲೇ ಗುಟ್ಟು ಇತ್ತು. ಆ ಹೋಟೆಲಿನಲ್ಲಿ ಸಿಗಡಿ ಫ್ರೈ, ಬಂಗುಡೆ ಫ್ರೈ ಎರಡಕ್ಕೂ ಒಂದೇ ರವೆಯ ತಟ್ಟೆ, ಒಂದೇ ಬಾಣಲೆಯ ಎಣ್ಣೆ. ಸಿಗಡಿಯ ಪ್ರೋಟೀನು ಬೇಯಿಸಿದರೂ ಕರಿದರೂ ಹಾಳಾಗುವುದಿಲ್ಲ, ಎಣ್ಣೆಯಲ್ಲಿ ಮತ್ತು ಬೇಯಿಸಿದ ನೀರಿನಲ್ಲಿ ಉಳಿಯುತ್ತದೆ. ಅವಳು ಬಂಗುಡೆಯ ಜೊತೆ ತಿಳಿಯದೆ ಸಿಗಡಿಯನ್ನೂ ತಿಂದಿದ್ದಳು. ಮನೆಯ ಬಂಗುಡೆ ಸಾರು ಏನೂ ಮಾಡದಿದ್ದದ್ದೇ ಇದಕ್ಕೆ ಸಾಕ್ಷಿ.

ಆಮೇಲೆ ಚರ್ಮದ ಪರೀಕ್ಷೆ. ಮುಂಗೈ ಮೇಲೆ ಸಿಗಡಿ ಮತ್ತು ಬಂಗುಡೆಯ ಸತ್ವದ ಒಂದೊಂದು ಹನಿ ಇಟ್ಟು ಸೂಜಿಯಿಂದ ಮೆಲ್ಲಗೆ ಚುಚ್ಚಿ, 15-20 ನಿಮಿಷ ಕಾದರು. ಸಿಗಡಿಯ ಜಾಗ ಸೊಳ್ಳೆ ಕಚ್ಚಿದ ಹಾಗೆ ಉಬ್ಬಿತು, ಬಂಗುಡೆಯ ಜಾಗ ಉಬ್ಬಲಿಲ್ಲ. ಕೊನೆಗೆ ಆಸ್ಪತ್ರೆಯಲ್ಲೇ ಶುದ್ಧವಾಗಿ ಬೇಯಿಸಿದ ಬಂಗುಡೆಯನ್ನು ಚೂರು ಚೂರಾಗಿ ಹೆಚ್ಚಿಸುತ್ತಾ ತಿನ್ನಿಸಿ ಕೆಲವು ಗಂಟೆ ಕೂರಿಸಿದರು. ಏನೂ ಆಗಲಿಲ್ಲ. ಅಂದಿನಿಂದ ಅವಳು ಮನೆಯ ಮೀನು ನೆಮ್ಮದಿಯಿಂದ ಉಣ್ಣುತ್ತಾಳೆ, ಸಿಗಡಿ ಏಡಿ ಮಾತ್ರ ಇಲ್ಲ.

ಎರಡು ಮಾತು ಗಮನಿಸಿ. ಪರೀಕ್ಷೆಗೆ ಮೊದಲು ಕೆಲವು ದಿನ ಅಲರ್ಜಿ ಮಾತ್ರೆ ನಿಲ್ಲಿಸಬೇಕಾಗುತ್ತದೆ, ಇಲ್ಲದಿದ್ದರೆ ಅಲರ್ಜಿ ಇದ್ದರೂ ಚರ್ಮ ಉಬ್ಬದೆ ಇರಬಹುದು. ಎಷ್ಟು ದಿನವೆಂದು ವೈದ್ಯರನ್ನೇ ಕೇಳಿ. ಇನ್ನು ತಿಂದು ನೋಡುವ ಪರೀಕ್ಷೆಯನ್ನು ಮನೆಯಲ್ಲಿ ಯಾರೂ ಮಾಡಬಾರದು.

ನಿಮ್ಮದು ಯಾವ ಸ್ಥಿತಿ?

ಸಿಗಡಿ ಅಲರ್ಜಿ ಬಂದ ಮೇಲೂ ಮೀನು ತಿಂದು ಏನೂ ಆಗದವರು ಮೀನು ತಿನ್ನುತ್ತಲೇ ಇರಿ, ಪರೀಕ್ಷೆ ಬೇಕಿಲ್ಲ. ಹೆದರಿ ಮೀನು ಬಿಟ್ಟವರು ಮತ್ತೆ ಶುರು ಮಾಡುವ ಮೊದಲು ಒಮ್ಮೆ ವೈದ್ಯರಿಗೆ ತೋರಿಸಿ. ಸಿಗಡಿ ತಿಂದಾಗ ಉಸಿರು ಕಟ್ಟಿದವರು, ತಲೆ ತಿರುಗಿ ಬಿದ್ದವರು, ಅಸ್ತಮಾ ಇರುವವರು ಇದನ್ನು ತಪ್ಪಿಸಲೇಬಾರದು. ಬರೀ ಮೀನು ತಿಂದೇ ದದ್ದು ಎದ್ದವರಿಗೆ ನಿಜವಾದ ಮೀನಿನ ಅಲರ್ಜಿ ಇರಬಹುದು, ಪರೀಕ್ಷೆಯಾಗುವ ತನಕ ಮೀನು ಬೇಡ.

ಬಂಗುಡೆಯ ಇನ್ನೊಂದು ಮೋಸ

ಬಂಗುಡೆ, ಬೂತಾಯಿ ಹಿಡಿದ ಮೇಲೆ ಐಸ್ ಇಲ್ಲದೆ ಬಿಸಿಲಲ್ಲಿ ಉಳಿದರೆ ಅದರಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಅಂಥ ಮೀನು ತಿಂದರೆ ಸ್ವಲ್ಪ ಹೊತ್ತಿನಲ್ಲಿ ಮುಖ ಕೆಂಪೇರಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ನೋಡಲು ಅಲರ್ಜಿಯ ಹಾಗೆಯೇ ಇದ್ದರೂ ಇದು ಅಲರ್ಜಿಯಲ್ಲ, ಮೀನು ಕೆಟ್ಟದ್ದರ ಫಲ. ಗುರುತು ಹಿಡಿಯುವುದು ಹೇಗೆ? ಅದೇ ಮೀನು ತಿಂದ ಮನೆಯ ಇತರರಿಗೂ ಹೆಚ್ಚಾಗಿ ಹಾಗೇ ಆಗುತ್ತದೆ, ತಾಜಾ ಬಂಗುಡೆ ತಿಂದಾಗ ಏನೂ ಆಗುವುದಿಲ್ಲ. ಬೇಯಿಸಿದರೂ ಹಿಸ್ಟಮಿನ್ ಹೋಗುವುದಿಲ್ಲ. ಆದ್ದರಿಂದ ಮೀನು ಮಾರುವ ಸದಸ್ಯೆಯರು ಬುಟ್ಟಿಗೆ ಐಸ್ ಕಡಿಮೆ ಮಾಡಬಾರದು.

ಹಿರಿಯರು ಗಾಯವಾದಾಗ "ಮೀನು ನಂಜು" ಎಂದು ಬಿಡಿಸುವುದು ಬೇರೆ ವಿಚಾರ. ಅದಕ್ಕೂ ಅಲರ್ಜಿಗೂ ಸಂಬಂಧವಿಲ್ಲ.

ಮನೆಯಲ್ಲಿ, ಪೇಟೆಯಲ್ಲಿ ಎಚ್ಚರ

ಸಿಗಡಿ ಆಗದವರಿಗೆ ಮೀನು ಕೊಳ್ಳುವಾಗ ಸಿಗಡಿ ರಾಶಿಗೆ ತಾಗಿದ, ಅದೇ ಐಸ್ ನೀರಿನಲ್ಲಿ ಬಿದ್ದ ಮೀನು ಬೇಡ. ಕತ್ತರಿಸುವ ಕತ್ತಿ, ಹಲಗೆ ತೊಳೆದ ಮೇಲೆ ಕೊಡಲು ಹೇಳಿ, ಇಲ್ಲವೇ ಇಡಿ ಮೀನು ತಂದು ಮನೆಯಲ್ಲೇ ಹೆಚ್ಚಿ. ಒಣ ಮೀನಿನ ರಾಶಿಯಲ್ಲಿ ಸಣ್ಣ ಸಿಗಡಿ ಸೇರಿರುತ್ತದೆ, ಆರಿಸಿ ತೆಗೆದರೂ ಪುಡಿ ಉಳಿಯುತ್ತದೆ, ಆದ್ದರಿಂದ ಅದನ್ನು ಬಿಡುವುದೇ ವಾಸಿ. ಮನೆಯಲ್ಲಿ ಇತರರಿಗೆ ಸಿಗಡಿ ಮಾಡಿದ ದಿನ ಬೇರೆ ಬಾಣಲೆ, ಬೇರೆ ಎಣ್ಣೆ, ಬೇರೆ ಸೌಟು ಇರಲಿ. ಕೆಲವರಿಗೆ ಸಿಗಡಿ ಬೇಯುವ ಹಬೆಯಿಂದಲೇ ಉಬ್ಬಸ ಬರುತ್ತದೆ, ಅಂಥವರು ಆ ಹೊತ್ತು ಅಡಿಗೆಮನೆಯಲ್ಲಿ ಇರಬಾರದು.

ಮೀನಿನ ಉಪ್ಪಿನಕಾಯಿ, ಸಿಗಡಿ ಚಟ್ನಿಪುಡಿ ಪ್ಯಾಕೆಟ್ ಮಾಡಿ ಮಾರುವ ಸಂಘಗಳಿಗೆ ಒಂದು ಮಾತು. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದಲ್ಲಿ ಅಲರ್ಜಿ ತರುವ ವಸ್ತುಗಳ ಪಟ್ಟಿ ಇದೆ. ಅದರಲ್ಲಿ ಮೀನು ಒಂದು, ಸಿಗಡಿ-ಏಡಿ ಜಾತಿ ಇನ್ನೊಂದು ಎಂದು ಬೇರೆ ಬೇರೆಯಾಗಿಯೇ ಹೇಳಿದೆ. ಒಂದೇ ಮಿಕ್ಸಿಯಲ್ಲಿ ಎರಡನ್ನೂ ಅರೆಯುವುದಾದರೆ ಮೀನಿನ ಪ್ಯಾಕೆಟ್ ಮೇಲೆ "ಸಿಗಡಿ ಅಂಶ ಇರಬಹುದು" ಎಂದು ಬರೆಯಿರಿ.

ಅಪಾಯದ ಹೊತ್ತಿನಲ್ಲಿ

ಬರೀ ದದ್ದು ತುರಿಕೆಯಾದರೆ ವೈದ್ಯರು ಮೊದಲೇ ಹೇಳಿಕೊಟ್ಟ ಮಾತ್ರೆ ಸಾಕಾಗಬಹುದು. ಆದರೆ ಉಸಿರಾಟಕ್ಕೆ ಕಷ್ಟ, ಗಂಟಲು ಕಟ್ಟಿದ ಹಾಗೆ, ಸ್ವರ ಬದಲು, ತಲೆತಿರುಗು, ದದ್ದಿನ ಜೊತೆ ಮತ್ತೆ ಮತ್ತೆ ವಾಂತಿ, ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ರೋಗಿಯನ್ನು ಮಲಗಿಸಿ ಕಾಲು ಎತ್ತರದಲ್ಲಿಡಿ. ಉಸಿರು ಕಟ್ಟುತ್ತಿದ್ದರೆ ಕೂರಿಸಿ. ನಡೆಸಿಕೊಂಡು ಹೋಗಬೇಡಿ. ಇದಕ್ಕೆ ಜೀವ ಉಳಿಸುವ ಮದ್ದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ಮಾತ್ರೆಯಾಗಲಿ ಮನೆಮದ್ದಾಗಲಿ ಅದರ ಬದಲಿಗೆ ಆಗದು. ಆಸ್ಪತ್ರೆ ಮುಟ್ಟಿದ ಕೂಡಲೇ "ಸಿಗಡಿ ಅಲರ್ಜಿ, ಇಷ್ಟು ಹೊತ್ತಿಗೆ ತಿಂದದ್ದು" ಎಂದು ಸ್ಪಷ್ಟವಾಗಿ ಹೇಳಿ. ಕಡಿಮೆಯಾದ ಮೇಲೂ ಕೆಲವು ಗಂಟೆ ಅಲ್ಲೇ ಇರಿ, ಅದು ಮರುಕಳಿಸಬಹುದು.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದಲ್ಲಿ ಸಿಗಡಿ ಆಗದೆ ಮೀನನ್ನೂ ಬಿಟ್ಟವರು ಇದ್ದಾರೆಯೇ? ಅವರು ಬರೀ ಮೀನು ತಿಂದು ತೊಂದರೆಯಾದದ್ದು ಉಂಟೇ?

2. ಸಿಗಡಿ ಫ್ರೈ ಮಾಡಿದ ಎಣ್ಣೆಯಲ್ಲಿ ಮೀನು ಕರಿದರೆ ಏನಾಗುತ್ತದೆ? ಯಾಕೆ?

3. ಬಂಗುಡೆ ತಿಂದು ಮನೆಯ ಮೂವರಿಗೂ ಮುಖ ಕೆಂಪೇರಿತು. ಇದು ಅಲರ್ಜಿಯೇ?

4. ನಮ್ಮ ಊರಿನಿಂದ ಅತಿ ಹತ್ತಿರ ತುರ್ತು ಇಂಜೆಕ್ಷನ್ ಸಿಗುವ ಆಸ್ಪತ್ರೆ ಯಾವುದು? ರಾತ್ರಿ ಅದು ತೆರೆದಿರುತ್ತದೆಯೇ? ವಿಚಾರಿಸಿ ಮುಂದಿನ ಸಭೆಯಲ್ಲಿ ತಿಳಿಸಿ.